ಕನಸಿನ ಊರುಗಳ ಪಟ್ಟಿ: ಮುಂದಿನ ಪ್ರವಾಸ ಯಾವುದೆಂದು ಲೆಕ್ಕ ಹಾಕುವುದು ಹೇಗೆ?

ನೋಡಬೇಕೆಂದು ಆಸೆಪಟ್ಟ ಊರುಗಳ ಪಟ್ಟಿ ನಮ್ಮಲ್ಲಿ ಬಹಳ ಜನರ ನೋಟುಪುಸ್ತಕದ ಕೊನೆಯ ಪುಟದಲ್ಲಿ ಇರುತ್ತದೆ. ಜೋಗ, ಹಂಪಿ, ಕಾಶ್ಮೀರ, ಊಟಿ, ಇಸ್ತಾಂಬುಲ್ ಎಲ್ಲವೂ ಒಂದರ ಕೆಳಗೆ ಒಂದು. ರಜೆ ಹತ್ತಿರ ಬಂದಾಗ ಮನೆಯಲ್ಲಿ "ಎಲ್ಲಿಗೆ ಹೋಗೋಣ?" ಎಂಬ ಮಾತು ಏಳುತ್ತದೆ. ಯಾರ ಧ್ವನಿ ದೊಡ್ಡದೋ ಅವರ ಊರು ಗೆಲ್ಲುತ್ತದೆ, ಇಲ್ಲವೆ ಯಾವುದೂ ತೀರ್ಮಾನವಾಗದೆ ರಜೆಯೇ ಮುಗಿಯುತ್ತದೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ತೂಕದ ಸರಾಸರಿ ಕಲಿಯುವಾಗ ಗೋಧಿ, ಅಕ್ಕಿ, ಎಣ್ಣೆಯ ಬೆಲೆಗೆ ತೂಕ ಕೊಡುತ್ತೇವೆ. ಅದೇ ವಿಧಾನವನ್ನು ಊರುಗಳಿಗೂ ಹಚ್ಚಬಹುದು. ಆದರೆ ಎಲ್ಲಿ ತೂಕ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬುದನ್ನು ಮೊದಲು ತಿಳಿಯಬೇಕು.

ಉದಾಹರಣೆಗೆ ನಮ್ಮ ಕುಟುಂಬದ ಪಟ್ಟಿಯನ್ನೇ ತೆಗೆದುಕೊಳ್ಳುತ್ತೇನೆ. ಇಂಡಿಯ ನಮ್ಮ ಮನೆ, ಸಿಂದಗಿಯ ಫುಪ್ಪು, ಮುದ್ದೇಬಿಹಾಳದ ಖಾಲಾ, ಬಸವನ ಬಾಗೇವಾಡಿಯ ಮಾಮೂ ಹೀಗೆ ನಾಲ್ಕು ತಾಲ್ಲೂಕಿನಿಂದ ಒಂಬತ್ತು ಜನ. ಅವರಲ್ಲಿ ಐದು ಹೆಂಗಸರು, ನಾಲ್ಕು ಗಂಡಸರು. ಎಲ್ಲರೂ ಹೇಳಿದ ಊರುಗಳನ್ನು ಬರೆದರೆ 22 ಆದವು. (ಹಜ್ ಇದರಲ್ಲಿ ಇಲ್ಲ. ದಾದಿ ಹೇಳುವ ಪ್ರಕಾರ ಅದು ಪ್ರವಾಸವಲ್ಲ, ಅದರ ಲೆಕ್ಕವೇ ಬೇರೆ.) ಸಮಯ ದಸರಾ ರಜೆ, ಎರಡು ರಾತ್ರಿ, ಮೂರು ಹಗಲು. ಕೈಯಲ್ಲಿ ಉಳಿದಿದ್ದು 40 ದಿನ.

ಮೊದಲು ಪಟ್ಟಿಯನ್ನೇ ಎರಡು ಮಾಡಬೇಕು. ಬದಾಮಿ, ಐಹೊಳೆ–ಪಟ್ಟದಕಲ್ಲು, ಆಲಮಟ್ಟಿ, ಕೂಡಲಸಂಗಮ, ಗೋಕಾಕ ಜಲಪಾತ ಇವು ನಮ್ಮ ಭಾಗದವರಿಗೆ ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಜಾಗಗಳು. ಇವನ್ನು ಹಂಪಿ, ಮೈಸೂರಿನ ಜೊತೆ ಒಂದೇ ಪಟ್ಟಿಯಲ್ಲಿಟ್ಟು ಖರ್ಚಿಗೆ ಅಂಕ ಕೊಟ್ಟರೆ ಪ್ರತಿ ಸಲ ಇವೇ ಗೆಲ್ಲುತ್ತವೆ, ಏಕೆಂದರೆ ಕೋಣೆಯ ಬಾಡಿಗೆಯೇ ಇಲ್ಲ. ಹಾಗೆ ಗೆದ್ದರೆ ಮೂರು ದಿನದ ರಜೆಯಲ್ಲಿ ಒಂದು ದಿನ ಆಲಮಟ್ಟಿ ನೋಡಿ ಎರಡು ದಿನ ಮನೆಯಲ್ಲಿ ಕೂರಬೇಕು. ಸಮಾನವಾದವುಗಳನ್ನೇ ಹೋಲಿಸಬೇಕು ಎಂಬುದು ಅಕೌಂಟ್ಸಿನಲ್ಲೂ ಇರುವ ನಿಯಮ. ಆದ್ದರಿಂದ ಈ ಐದನ್ನು ಭಾನುವಾರದ ಪಟ್ಟಿಗೆ ಸರಿಸಿದೆವು. ಉಳಿದದ್ದು 17.

ಈಗ ಋತು. ಪ್ರತಿ ಊರಿನ ಮುಂದೆ ಹನ್ನೆರಡು ಚೌಕ ಬರೆದು, ಯಾವ ತಿಂಗಳು ಚೆನ್ನಾಗಿರುತ್ತದೋ ಆ ಚೌಕಕ್ಕೆ ಬಣ್ಣ ಹಚ್ಚುವುದು ಎಲ್ಲಕ್ಕಿಂತ ಸುಲಭದ ದಾರಿ. ಜೋಗಕ್ಕೆ ಜುಲೈನಿಂದ ಅಕ್ಟೋಬರ್. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ಹಿಡಿದಿಡುತ್ತಾರೆ, ಆದ್ದರಿಂದ ಬೇಸಿಗೆಯಲ್ಲಿ ಹೋದರೆ 253 ಮೀಟರ್ ಎತ್ತರದ ಬಂಡೆ ಕಾಣುತ್ತದೆಯೇ ಹೊರತು ಧಾರೆ ಕಾಣುವುದಿಲ್ಲ. ಹಂಪಿಗೆ ಅಕ್ಟೋಬರ್‌ನಿಂದ ಫೆಬ್ರವರಿ. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿಯ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಕಾಯುತ್ತವೆ. ಶ್ರೀನಗರದ ಟ್ಯುಲಿಪ್ ತೋಟ ಮಾರ್ಚ್ ಕೊನೆಗೆ ತೆರೆದು ಸುಮಾರು ಒಂದು ತಿಂಗಳಲ್ಲಿ ಮುಚ್ಚುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿ 26 ಮತ್ತು ಆಗಸ್ಟ್ 15ರ ಸುತ್ತಮುತ್ತ ಮಾತ್ರ.

ಇಲ್ಲಿ ಒಂದು ಗುಪ್ತ ತೊಡಕು ಇದೆ. ಒಂದು ಜಾಗ ಚೆನ್ನಾಗಿರುವ ತಿಂಗಳು ಮತ್ತು ಅಲ್ಲಿಗೆ ಹೋಗಲು ಬಿಡುವ ತಿಂಗಳು ಒಂದೇ ಆಗಿರಬೇಕೆಂದಿಲ್ಲ. ಗೋವಾ ಗಡಿಯ ದೂಧಸಾಗರ ಇದಕ್ಕೆ ಸರಿಯಾದ ಉದಾಹರಣೆ. ಮಳೆಗಾಲದಲ್ಲಿ ಅದು ತುಂಬಿ ಹರಿಯುತ್ತದೆ, ಆದರೆ ಕುಳೆಂನಿಂದ ಕಾಡಿನೊಳಗೆ ಕರೆದೊಯ್ಯುವ ಜೀಪುಗಳು ಮಳೆಗಾಲದಲ್ಲಿ ಬಂದ್ ಇರುತ್ತವೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗುತ್ತವೆ, ಆದರೆ ದಿನಾಂಕ ಮುಂಚೆಯೇ ಖಾತ್ರಿ ಇರುವುದಿಲ್ಲ. ಹಾಗಾಗಿ ಚೌಕಗಳನ್ನು ಎರಡು ಸಾಲಿನಲ್ಲಿ ಬರೆಯಬೇಕು: ಮೇಲಿನದು ನೋಟದ್ದು, ಕೆಳಗಿನದು ದಾರಿಯದ್ದು. ಎರಡೂ ಸಾಲಿನಲ್ಲಿ ಬಣ್ಣ ಬಿದ್ದ ತಿಂಗಳೇ ನಿಜವಾದ ಋತು.

ಮೂರನೆಯ ಸಾಲು ನಮ್ಮದು, ಅಂದರೆ ಬಿಡುವಿನದು. ಪಿಯು ವಿದ್ಯಾರ್ಥಿಗಳಿಗೆ ಫೆಬ್ರವರಿ–ಮಾರ್ಚ್ ಪರೀಕ್ಷೆ. ಟ್ಯುಲಿಪ್ ಅರಳುವುದೂ ಅದರ ಬೆನ್ನಿಗೇ, ದ್ವಿತೀಯ ಪಿಯು ಓದುವವರು ಇದ್ದ ಮನೆಗೆ ಅದು ಬಹಳ ಬಿಗಿ. ನಮ್ಮ ಮನೆಗಳಲ್ಲಿ ರಂಜಾನ್ ತಿಂಗಳನ್ನೂ ಇಲ್ಲಿ ಬರೆಯಬೇಕಾಗುತ್ತದೆ. ಹಿಜರಿ ವರ್ಷ ಸುಮಾರು 10–11 ದಿನ ಚಿಕ್ಕದು. ಹಾಗಾಗಿ ರಂಜಾನ್ ಪ್ರತಿ ವರ್ಷ ಅಷ್ಟು ದಿನ ಮುಂಚೆ ಬರುತ್ತದೆ. 2026ರಲ್ಲಿ ಅದು ಫೆಬ್ರವರಿಯಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅದು ಜನವರಿ, ಡಿಸೆಂಬರಿಗೆ ಸರಿಯುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಬರುತ್ತದೆ. ಅಂದರೆ "ಹಂಪಿಗೆ ಚಳಿಗಾಲದಲ್ಲಿ ಯಾವಾಗ ಬೇಕಾದರೂ ಹೋಗಬಹುದು" ಎಂಬ ಮಾತು ಇನ್ನು ನಾಲ್ಕು ವರ್ಷಕ್ಕೆ ನಮ್ಮ ಮನೆಗೆ ಅಷ್ಟು ನಿಜವಾಗಿ ಉಳಿಯುವುದಿಲ್ಲ. ದಿಕ್ಕು ತಿಳಿದಿದ್ದರೆ ಯಾವ ಊರನ್ನು ಮುಂದೂಡಬಹುದು, ಯಾವುದನ್ನು ಮುಂದೂಡಬಾರದು ಎಂಬುದು ಹೊಳೆಯುತ್ತದೆ.

ಋತುವಿಗೆ ಅಂಕ ಕೊಡುವುದಕ್ಕಿಂತ ಮುಂಚೆ ಅದನ್ನು ಬಾಗಿಲಾಗಿ ಇಡಬೇಕು. ಮೂರು ಸಾಲೂ ಕೂಡದ ಊರಿಗೆ ಒಳಗೆ ಪ್ರವೇಶವೇ ಇಲ್ಲ. ಯಾಕೆ ಹೀಗೆ ಎಂದು ಕೇಳುವವರು ಈ ಲೆಕ್ಕ ಮಾಡಿ ನೋಡಿ. ಮೇ ತಿಂಗಳ ಜೋಗಕ್ಕೆ ಋತುವಿನಲ್ಲಿ 0, ಜನ ಕಡಿಮೆ ಇರುವುದರಿಂದ ಖರ್ಚಿನಲ್ಲಿ 9, ಕೋಣೆ ಸುಲಭವಾಗಿ ಸಿಗುವುದರಿಂದ ಸಿದ್ಧತೆಯಲ್ಲಿ 10 ಕೊಟ್ಟರೆ ಸರಾಸರಿ 6ಕ್ಕಿಂತ ಮೇಲೆ ಬರುತ್ತದೆ. ಮೂರರಲ್ಲೂ ತಲಾ 6 ಪಡೆದ ಒಂದು ಒಳ್ಳೆಯ ಊರನ್ನು ನೀರಿಲ್ಲದ ಜಲಪಾತ ಸೋಲಿಸುತ್ತದೆ. ಕೂಡಿಸುವ ಲೆಕ್ಕದಲ್ಲಿ ಒಂದು ಕಡೆಯ ಸೊನ್ನೆಯನ್ನು ಇನ್ನೊಂದು ಕಡೆಯ ಹತ್ತು ಮುಚ್ಚಿಬಿಡುತ್ತದೆ. ಗಣಿತದಲ್ಲಿ ನಾಪಾಸಾದವನು ಕನ್ನಡದ ಹೆಚ್ಚಿನ ಅಂಕದಿಂದ ಪಾಸಾಗಲು ಆಗುವುದಿಲ್ಲವಲ್ಲ, ಇಲ್ಲೂ ಪ್ರತಿ ವಿಷಯಕ್ಕೆ ಕನಿಷ್ಠ ಅಂಕ ಬೇಕು.

ಇಸ್ತಾಂಬುಲ್, ದುಬೈ, ಸಮರಕಂದ ಮೂರೂ ಸಿದ್ಧತೆಯ ಬಾಗಿಲಲ್ಲೇ ನಿಂತವು, ಏಕೆಂದರೆ ಒಂಬತ್ತು ಜನರಲ್ಲಿ ಒಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಈ ಮಾತು ಬಂದಾಗ ನಮ್ಮ ವಯಸ್ಸಿನವರು ಒಂದು ವಿಷಯ ಗಮನಿಸಬೇಕು. 18 ತುಂಬದವರ ಪಾಸ್‌ಪೋರ್ಟ್ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. 17ರಲ್ಲಿ ಅದನ್ನು ಮಾಡಿಸಿದರೆ ಒಂದು ವರ್ಷವೂ ಬಾಳುವುದಿಲ್ಲ. ಬಹಳ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುವುದರಿಂದ ಉಪಯೋಗ ಇನ್ನೂ ಕಡಿಮೆ. 15ರಿಂದ 18ರ ನಡುವಿನವರು ದೊಡ್ಡವರ ಶುಲ್ಕ ಕಟ್ಟಿ ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಲು ಅವಕಾಶವಿದೆ. ಅರ್ಜಿಯಲ್ಲಿ ಆ ಆಯ್ಕೆಯನ್ನು ನಾವೇ ಗುರುತಿಸಬೇಕು.

ಋತುವಿನ ಬಾಗಿಲಲ್ಲಿ ಆರು ಊರು ಬಿದ್ದವು. ಉಳಿದ ಎಂಟರಲ್ಲಿ ತಲೆಗೆ 5,000 ರೂಪಾಯಿ ಮೀರುವ ನಾಲ್ಕನ್ನು ಅಬ್ಬಾ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ನಿಂತದ್ದು ಹಂಪಿ, ಕಲಬುರಗಿ–ಬೀದರ್, ಜೋಗ ಮತ್ತು ದಸರಾ ಸಮಯದ ಮೈಸೂರು.

ಖರ್ಚಿನ ಲೆಕ್ಕಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಎಲ್ಲರೂ ಬಸ್ ಟಿಕೆಟ್ ಮತ್ತು ಕೋಣೆಯನ್ನಷ್ಟೇ ಕೂಡಿಸುತ್ತಾರೆ. ಲೆಕ್ಕ ಮನೆಯ ಹೊಸ್ತಿಲಿನಿಂದ ಮನೆಯ ಹೊಸ್ತಿಲಿಗೆ ಇರಬೇಕು. ರಾಷ್ಟ್ರೀಯ ಹೆದ್ದಾರಿ 50 ಬೀದರ್‌ನಿಂದ ಕಲಬುರಗಿ, ಸಿಂದಗಿ, ವಿಜಯಪುರದ ಮೂಲಕ ಹೊಸಪೇಟೆಗೆ ಹೋಗುತ್ತದೆ. ಒಂದೇ ರಸ್ತೆ, ಎರಡು ದಿಕ್ಕು. ಸಿಂದಗಿಯ ಫುಪ್ಪುಗೆ ಬೀದರ್ ದಿಕ್ಕು ಹತ್ತಿರ, ಮುದ್ದೇಬಿಹಾಳದ ಖಾಲಾಗೆ ಹೊಸಪೇಟೆ ದಿಕ್ಕು ಹತ್ತಿರ. ಇಂಡಿಗೆ ಸಮೀಪದಲ್ಲಿ ಇಂಡಿ ರೋಡ್ ಸ್ಟೇಶನ್ ಇದೆ, ಬಾಗೇವಾಡಿಯವರಿಗೂ ಬಸವನ ಬಾಗೇವಾಡಿ ರೋಡ್ ಸ್ಟೇಶನ್ ಇದೆ, ಆದರೆ ಸಿಂದಗಿ, ಮುದ್ದೇಬಿಹಾಳದವರು ರೈಲು ಹಿಡಿಯಲು ಮೊದಲು ಬಸ್ ಹತ್ತಬೇಕು. ಆದ್ದರಿಂದ ನಾಲ್ಕು ತಾಲ್ಲೂಕಿನ ನಾಲ್ಕು ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೂ ಒಂದೇ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಎರಡನೆಯದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಸ್ಲೀಪರ್, ಎಸಿ, ಐಷಾರಾಮಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ರಾಜ್ಯ ದಾಟುವ ಬಸ್ಸಿಗೂ ಇಲ್ಲ. ಇಂಡಿಯಿಂದ ಸೊಲ್ಲಾಪುರ ಎಷ್ಟೇ ಹತ್ತಿರವಾದರೂ ಅಲ್ಲಿಗೆ ಟಿಕೆಟ್ ತೆಗೆಯಲೇಬೇಕು. ಒಂಬತ್ತರಲ್ಲಿ ಐದು ಹೆಂಗಸರಿರುವ ನಮ್ಮ ಗುಂಪಿಗೆ ರಾಜ್ಯದೊಳಗಿನ ಊರಿನ ಬಸ್ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ ಮೈಸೂರಿನಷ್ಟು ದೂರಕ್ಕೆ ದಾದಿಯನ್ನು ರಾತ್ರಿಯಿಡೀ ವೇಗದೂತ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಲು ಆಗುವುದಿಲ್ಲ. ಅಲ್ಲಿಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ರೈಲೇ ಬೇಕು, ಅದರಲ್ಲಿ ಒಂಬತ್ತು ಟಿಕೆಟ್‌ಗೂ ಹಣ. ದೂರ ಹೆಚ್ಚಿದಂತೆ ಉಚಿತ ಬಸ್ಸಿನ ಲಾಭ ಹೆಚ್ಚಬೇಕಿತ್ತು, ನಮ್ಮ ಮನೆಯಲ್ಲಿ ಒಂದು ಹಂತದ ನಂತರ ಅದು ಪೂರ್ತಿ ಮಾಯವಾಗುತ್ತದೆ.

ಹಂಪಿಯ ಲೆಕ್ಕವನ್ನು ಪೂರ್ತಿ ತೋರಿಸುತ್ತೇನೆ. ದರಗಳು ನಾವು ಹಾಕಿಕೊಂಡ ಅಂದಾಜು, ನಿಮ್ಮ ಲೆಕ್ಕದಲ್ಲಿ ನಿಮ್ಮ ದರ ಹಾಕಿ. ನಾಲ್ಕು ಗಂಡಸರಿಗೆ ಹೋಗಿ ಬರುವ ಬಸ್ ತಲಾ 600ರಂತೆ 2,400. ಮೂರು ಕೋಣೆ, ಎರಡು ರಾತ್ರಿ, ಕೋಣೆಗೆ 1,200ರಂತೆ 7,200. ಒಂಬತ್ತು ಜನರ ಮೂರು ದಿನದ ಊಟ ದಿನಕ್ಕೆ 300ರಂತೆ 8,100. ಅಲ್ಲಿಯ ಆಟೋ ಮತ್ತು ಪ್ರವೇಶ ಟಿಕೆಟ್ 3,000. ಒಟ್ಟು 20,700, ತಲೆಗೆ 2,300. ಇದೇ ರೀತಿ ಜೋಗಕ್ಕೆ ತಲೆಗೆ 2,800 ಬಂತು. ಮೈಸೂರಿಗೆ ದಸರಾ ಕೋಣೆ ಬಾಡಿಗೆಯಿಂದ ಮತ್ತು ದಾರಿಯಲ್ಲಿ ಕಳೆಯುವ ಒಂದು ಹೆಚ್ಚಿನ ದಿನದಿಂದ 4,500. ಕಲಬುರಗಿ–ಬೀದರ್‌ಗೆ ಬಸ್ 3,200, ಊಟ 8,100, ಅಲ್ಲಿಯ ಓಡಾಟ 2,200. ಒಂದು ರಾತ್ರಿ ಕಲಬುರಗಿಯ ಚಾಚಾ ಮನೆಯಲ್ಲಿ ಇಳಿದರೆ ಕೋಣೆಗೆ ಒಂದೇ ರಾತ್ರಿಯ 3,600. ಒಟ್ಟು 17,100, ತಲೆಗೆ 1,900.

ರೂಪಾಯಿಯನ್ನು ಅಂಕ ಮಾಡಲು ಎಲ್ಲಕ್ಕಿಂತ ಕಡಿಮೆ ಖರ್ಚನ್ನು ಆ ಊರಿನ ಖರ್ಚಿನಿಂದ ಭಾಗಿಸಿ 10ರಿಂದ ಗುಣಿಸಿದೆವು. ಬೀದರ್ 10, ಹಂಪಿ 1,900 ÷ 2,300 × 10 = 8.3, ಜೋಗ 6.8, ಮೈಸೂರು 4.2.

ಸಿದ್ಧತೆ ಎಂದರೆ ಉತ್ಸಾಹವಲ್ಲ. ಹೊರಡುವ ಮುಂಚೆ ಮುಗಿಯಬೇಕಾದ ಕೆಲಸಗಳು ಯಾವುವು, ಅವಕ್ಕೆ ಎಷ್ಟು ದಿನ ಬೇಕು, ನಮ್ಮ ಬಳಿ ಎಷ್ಟು ದಿನ ಇದೆ ಎಂಬುದು. 2024ರ ನವೆಂಬರ್ 1ರಿಂದ ರೈಲು ಮುಂಗಡ ಬುಕಿಂಗ್ 120 ದಿನಕ್ಕೆ ಬದಲು 60 ದಿನ ಮುಂಚೆ ತೆರೆಯುತ್ತದೆ. ನಮಗೆ ಉಳಿದಿರುವುದು 40 ದಿನ, ಅಂದರೆ ದಸರಾ ರೈಲಿನ ಬುಕಿಂಗ್ ತೆರೆದು 20 ದಿನವಾಗಿದೆ. ಹಬ್ಬದ ಸಮಯಕ್ಕೆ ಒಂಬತ್ತು ಬರ್ತ್ ಒಟ್ಟಿಗೆ ಸಿಗುವ ಭರವಸೆ ಇಲ್ಲ, ತತ್ಕಾಲ್ ತೆರೆಯುವುದು ಹೊರಡುವ ಹಿಂದಿನ ದಿನ. ಆದ್ದರಿಂದ ಮೈಸೂರಿಗೆ 3. ಜೋಗಕ್ಕೆ ದಾರಿಯಲ್ಲಿ ಬಸ್ ಬದಲಿಸಬೇಕು, ದಾದಿಯ ಮಂಡಿ ನೋವು ಬೇರೆ, 6. ಹಂಪಿಗೆ 9. ಬೀದರ್‌ಗೆ 5, ಏಕೆಂದರೆ ಚಾಚಾ ಮನೆಯಲ್ಲಿ ಆ ವಾರ ಶಾದಿಯ ಮಾತು ನಡೆದಿದೆ ಎಂದು ಯಾರೋ ಹೇಳಿದ್ದರು.

ಬಾಗಿಲು ದಾಟಿದ ಮೇಲೆ ಋತುವಿಗೂ ಅಂಕ ಬರುತ್ತದೆ. ಮೈಸೂರಿಗೆ 10, ದಸರಾ ಬೇರೆ ತಿಂಗಳು ಸಿಗುವುದಿಲ್ಲ. ಬೀದರ್ 9, ಹಂಪಿ 8, ನೀರು ಇಳಿಯತೊಡಗುವ ಜೋಗ 6. ತೂಕ ಋತುವಿಗೆ 5, ಖರ್ಚಿಗೆ 3, ಸಿದ್ಧತೆಗೆ 2.

| ಊರು | ಋತು × 5 | ಖರ್ಚು × 3 | ಸಿದ್ಧತೆ × 2 | ಒಟ್ಟು |
|---|---|---|---|---|
| ಕಲಬುರಗಿ–ಬೀದರ್ | 45 | 30 | 10 | 85 |
| ಹಂಪಿ | 40 | 24.9 | 18 | 82.9 |
| ಮೈಸೂರು | 50 | 12.6 | 6 | 68.6 |
| ಜೋಗ | 30 | 20.4 | 12 | 62.4 |

ಬೀದರ್ ಗೆದ್ದಿತೆಂದು ಇಲ್ಲೇ ನಿಲ್ಲಿಸಬಾರದು. ಅಂತರ ಬರೀ 2.1. ಅಂತರ ಇಷ್ಟು ಚಿಕ್ಕದಿದ್ದಾಗ ತೂಕವನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕು. ಋತುವಿಗೆ 4, ಖರ್ಚಿಗೆ 3, ಸಿದ್ಧತೆಗೆ 3 ಮಾಡಿದರೆ ಹಂಪಿಗೆ 83.9, ಬೀದರ್‌ಗೆ 81. ಸ್ಥಾನ ಅದಲು ಬದಲು. ತೂಕ ಕೊಟ್ಟವರು ನಾವೇ, 5 ಸರಿಯೋ 4 ಸರಿಯೋ ಎಂದು ಯಾರೂ ಸಾಧಿಸಲು ಆಗುವುದಿಲ್ಲ. ಮೇಲಿನ ಎರಡು ಮತ್ತು ಕೆಳಗಿನ ಎರಡರ ನಡುವಿನ ಅಂತರ ಮಾತ್ರ ಎರಡೂ ತೂಕದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆ ಮಟ್ಟಿಗೆ ಪಟ್ಟಿಯನ್ನು ನಂಬಬಹುದು.

ಈಗ ಬೀದರ್‌ನ 5ನ್ನು ಮತ್ತೊಮ್ಮೆ ನೋಡಿ. ಮೈಸೂರಿನ 3 ರೈಲಿನ ವಿಷಯ, ನಾವು ಏನು ಮಾಡಿದರೂ ಕಳೆದ 20 ದಿನ ಮರಳುವುದಿಲ್ಲ. ಬೀದರ್‌ನ 5 ಊರಿನ ವಿಷಯವೇ ಅಲ್ಲ, ಯಾರೂ ಫೋನ್ ಮಾಡಿ ಕೇಳಿಲ್ಲ ಎಂಬುದರ ಅಂಕ. ಇಂಥ ಅಂಕಕ್ಕೆ ಪ್ರಶ್ನೆಚಿಹ್ನೆ ಹಾಕಿಟ್ಟು ಎರಡೂ ಉತ್ತರಕ್ಕೆ ಲೆಕ್ಕ ಮಾಡಬೇಕು. ಚಾಚಾ "ಬನ್ನಿ" ಎಂದರೆ ಸಿದ್ಧತೆ 9, ಬೀದರ್ 93. "ಈ ವಾರ ಆಗಲ್ಲ ಬೇಟಾ" ಎಂದರೆ ಎರಡನೆಯ ರಾತ್ರಿಗೂ ಕೋಣೆ ಬೇಕು, 3,600 ಸೇರಿ ಒಟ್ಟು 20,700, ಅಂದರೆ ಹಂಪಿಯಷ್ಟೇ ತಲೆಗೆ 2,300. ಕೋಣೆ ಹುಡುಕಲು 40 ದಿನ ಸಾಕಾದ್ದರಿಂದ ಸಿದ್ಧತೆ 8. ಆಗ ಬೀದರ್ 91.

ಇಲ್ಲಿ ಹಂಪಿಯ ಅಂಕವೂ ಬದಲಾಗುತ್ತದೆ, ಇದು ಮೊದಲ ಸಲ ಲೆಕ್ಕ ಮಾಡುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಕಡಿಮೆ ಖರ್ಚು ಈಗ 1,900 ಅಲ್ಲ, 2,300. ಹಾಗಾಗಿ ಹಂಪಿಗೂ ಖರ್ಚಿನಲ್ಲಿ ಪೂರ್ತಿ 10 ಬಂದು ಒಟ್ಟು 88 ಆಗುತ್ತದೆ. ಹಂಪಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಪಕ್ಕದ ಊರು ತುಟ್ಟಿಯಾಗಿದ್ದಕ್ಕೆ ಇದರ ಅಂಕ ಏರಿತು. ಸೂಚ್ಯಂಕದಲ್ಲಿ ಆಧಾರ ವರ್ಷ ಬದಲಿಸಿದಂತೆ. ಆದ್ದರಿಂದ ಒಂದು ಊರಿನ ಖರ್ಚು ತಿದ್ದಿದಾಗ ಆ ಸಾಲನ್ನಷ್ಟೇ ತಿದ್ದಿದರೆ ಸಾಲದು, ಖರ್ಚಿನ ಇಡೀ ಕಾಲಂ ಮತ್ತೆ ಬರೆಯಬೇಕು. 4–3–3 ತೂಕದಲ್ಲೂ ನೋಡಿದರೆ ಚಾಚಾ ಹೂಂ ಎಂದಾಗ ಬೀದರ್ 93, ಹಂಪಿ 83.9, ಇಲ್ಲ ಎಂದಾಗ ಬೀದರ್ 90, ಹಂಪಿ 89. ನಾಲ್ಕೂ ಸಂದರ್ಭದಲ್ಲಿ ಬೀದರ್ ಮುಂದೆ. ಫೋನಿನ ಉತ್ತರ ಏನೇ ಬರಲಿ ಊರು ಬದಲಾಗುವುದಿಲ್ಲ, ಎಷ್ಟು ಕೋಣೆ ಬುಕ್ ಮಾಡಬೇಕು ಎಂಬುದಷ್ಟೇ ಬದಲಾಗುತ್ತದೆ.

ಒಂದು ಸಣ್ಣ ಪರೀಕ್ಷೆ ಬಾಕಿ. ಗೆದ್ದ ಊರಿನ ದಿನಾಂಕಕ್ಕೆ ಅಲ್ಲಿ ಬೇರೆ ಜನಸಂದಣಿ ಇದೆಯೇ? ಕಲಬುರಗಿಯಲ್ಲಿ ಖ್ವಾಜಾ ಬಂದೇನವಾಜ್ ಉರುಸ್ ಹಿಜರಿಯ ಜಿಲ್ಕದ್ ತಿಂಗಳಲ್ಲಿ ನಡೆಯುತ್ತದೆ, ಆದ್ದರಿಂದ ಅದರ ಇಂಗ್ಲಿಷ್ ದಿನಾಂಕ ಪ್ರತಿ ವರ್ಷ ಸರಿಯುತ್ತದೆ. ಆ ದಿನಗಳಲ್ಲಿ ಕೋಣೆಗೆ 1,200 ಎಂಬ ಅಂದಾಜು ನಡೆಯುವುದಿಲ್ಲ. ಈ ಅಕ್ಟೋಬರ್‌ಗೆ ಅದು ಅಡ್ಡ ಬರುವುದಿಲ್ಲ.

ಮೊದಲ ದಿನ ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ ಮತ್ತು ದರ್ಗಾ. ಎರಡನೆಯ ದಿನ ಬೀದರ್ ಕೋಟೆ ಮತ್ತು 1472ರ ಮಹಮೂದ್ ಗವಾನ್ ಮದರಸಾ. ಮೂರನೆಯ ದಿನ ಬೆಳಿಗ್ಗೆ ಅಷ್ಟೂರಿನ ಬಹಮನಿ ಗುಮ್ಮಟಗಳನ್ನು ನೋಡಿ ಮಧ್ಯಾಹ್ನದ ಬಸ್. ಸಿಂದಗಿಯಲ್ಲಿ ಫುಪ್ಪು ಮನೆಯವರು ಮೊದಲೇ ಇಳಿದುಕೊಳ್ಳುತ್ತಾರೆ, ಅವರ ಬಸ್ ಹಣ ನಮಗಿಂತ ಕಡಿಮೆ.

ಹಂಪಿಯನ್ನು ಪಟ್ಟಿಯಿಂದ ಹೊಡೆದಿಲ್ಲ. ಅದರ ಬಣ್ಣದ ಚೌಕಗಳು ಫೆಬ್ರವರಿವರೆಗೆ ಇವೆ, ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಒಟ್ಟಿಗೆ ಬಂದರೆ ಅದೇ ಮೊದಲು. ಜೋಗದ ಚೌಕಗಳು ಈ ವರ್ಷಕ್ಕೆ ಮುಗಿಯುತ್ತವೆ, ಮುಂದಿನ ಆಗಸ್ಟ್‌ಗೆ ಬರೆದುಕೊಂಡಿದ್ದೇವೆ. ಮೈಸೂರು ದಸರಾ ಎದುರು ಮಾಮೂ ಪೆನ್ಸಿಲ್ಲಿನಲ್ಲಿ ಒಂದೇ ಸಾಲು ಬರೆದಿದ್ದಾರೆ: ಮುಂದಿನ ವರ್ಷ, ಹಬ್ಬಕ್ಕೆ 60 ದಿನ ಇರುವಾಗ, ಬೆಳಿಗ್ಗೆ ಬುಕಿಂಗ್ ತೆರೆಯುವ ಹೊತ್ತಿಗೆ ಫೋನ್ ಕೈಯಲ್ಲಿರಲಿ.